ರುಚಿ: ಎಪ್ಪತ್ತೆಂಟು

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೇ ಜನ ದೂರು ಹೇಳುವುದಕ್ಕೂ ಒಂದು ಕ್ರಮ ಇಟ್ಟುಕೊಂಡಿದ್ದಾರೆ. ಮೊದಲು ನಮಸ್ಕಾರ. ಆಮೇಲೆ ತಮ್ಮ ಅತ್ತೆಯವರ ಕಾಲದಿಂದ ಇದೇ ಪುಡಿ ತರುತ್ತಿದ್ದೇವೆಂಬ ವಂಶಾವಳಿ. ಆಮೇಲೆ ನಿಮಗೆ ದೇವರು ಒಳ್ಳೆಯದು ಮಾಡಲಿ ಎಂಬ ಆಶೀರ್ವಾದ. ಇಷ್ಟೆಲ್ಲ ಆಗಿ, ಹೊರಟವರು ಹೊಸಿಲಲ್ಲಿ ನಿಂತು ತಿರುಗಿ ಹೇಳಿದ ಹಾಗೆ, ಕಟ್ಟಕಡೆಯ ಸಾಲಿನಲ್ಲಿ ಕತ್ತಿ. ‘ಈಚೆಗೆ ಹುರಿಯುವ ಕೈ ಬದಲಾಗಿದೆಯೇನೋ ಅಂತ ನಮ್ಮನೆಯವರು ಅಂದರು. ನಾನು ಅನ್ನಲಿಲ್ಲ.’

ಇಂಥವನ್ನು ಓದುವುದೇ ಕಮಲಮ್ಮನ ಕೆಲಸ. ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ‘ಶಾಂಭವಿ ಪುಡಿಗಳು’ ಎಂಬ ಬೋರ್ಡಿನ ಹಳೇ ಕಟ್ಟಡ. ಕೆಳಗೆ ಹುರಿಯುವ ಒಲೆಗಳು, ಪುಡಿ ಮಾಡುವ ಯಂತ್ರಗಳು, ಮೇಲೆ ಆಫೀಸು. ಮಾಗಡಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ಕಮಲಮ್ಮ ಹತ್ತೊಂಬತ್ತು ವರ್ಷ ಕೆಳಗೆ ಪ್ಯಾಕೆಟ್ಟು ತುಂಬಿದ್ದಳು. ಸೊಂಟ ಕೈಕೊಟ್ಟ ಮೇಲೆ ಅವಳನ್ನು ಮೇಲಕ್ಕೆ ಕರೆಸಿಕೊಂಡರು. ಕಾರಣ ಇಷ್ಟೆ: ಮುದುಕರ ನಡುಗುವ ಕೈಬರಹವನ್ನೂ, ಅವರ ಮೊಮ್ಮಕ್ಕಳು ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡಿದ ಕನ್ನಡವನ್ನೂ ಒಂದೇ ಸಮನೆ ಓದಬಲ್ಲವಳು ಆ ಕಟ್ಟಡದಲ್ಲಿ ಅವಳೊಬ್ಬಳೇ.

ಕೆಲಸ ನೋಡುವುದಕ್ಕೆ ಸಲೀಸು. ವಾಟ್ಸಾಪು, ಫೋನು, ವೆಬ್‌ಸೈಟು, ಸಂಪಿಗೆ ರಸ್ತೆಯ ಅಂಗಡಿಯ ದೂರಿನ ಪುಸ್ತಕ, ಹೀಗೆ ನಾಲ್ಕು ಕಡೆಯಿಂದ ದೂರು ಬರುತ್ತವೆ. ಒಂದೊಂದಕ್ಕೂ ಕಂಪ್ಯೂಟರಿನಲ್ಲಿ ಒಂದು ಸಾಲು. ತಾರೀಖು, ಎಲ್ಲಿಂದ ಬಂತು, ಯಾವ ಪುಡಿ, ಪ್ಯಾಕೆಟ್ಟಿನ ಮೇಲಿನ ಬ್ಯಾಚ್ ನಂಬರು, ಗ್ರಾಹಕರ ಮಾತು ಇದ್ದದ್ದು ಇದ್ದ ಹಾಗೆ. ಕಡೆಯ ಖಾನೆಯಲ್ಲಿ ಟ್ಯಾಗು, ಅಂದರೆ ಅದು ಯಾವ ಜಾತಿಯ ದೂರು ಎಂಬುದು. ರುಚಿ, ಪ್ಯಾಕಿಂಗ್, ತೂಕ, ತಡವಾದದ್ದು, ಸಿಬ್ಬಂದಿಯ ನಡವಳಿಕೆ, ಹೀಗೆ ಒಂಬತ್ತು. ಎಲ್ಲಿಯೂ ಸೇರದವಕ್ಕೆ ಆ ಒಂಬತ್ತರಲ್ಲೇ ಒಂದು, ‘ಇತರೆ’. ಬಾಣದ ಗುರುತು ಒತ್ತಿದರೆ ಪಟ್ಟಿ ಇಳಿಯುತ್ತದೆ, ಒಂದನ್ನು ಆರಿಸಬೇಕು. ಒಂದು ದೂರಿಗೆ ಒಂದೇ ಜಾತಿ. ಎರಡು ಜಾತಿಗೆ ಸೇರಿದ ದೂರು ಹುಟ್ಟುವುದಕ್ಕೆ ಕಂಪನಿಯಲ್ಲಿ ಅವಕಾಶವಿರಲಿಲ್ಲ. ತಿಂಗಳ ಕೊನೆಗೆ ಯಾವುದು ಎಷ್ಟು ಎಂದು ಎಣಿಸಿ, ಮೊದಲ ಮೂರು ವಿಷಯ, ಹೋದ ತಿಂಗಳಿಗಿಂತ ಏರಿತೋ ಇಳಿಯಿತೋ, ನಮೂನೆಗೆ ಗ್ರಾಹಕರೊಬ್ಬರ ಮಾತು, ಇಷ್ಟನ್ನು ಒಂದು ಹಾಳೆಗೆ ಇಳಿಸಿದರೆ ಅದು ‘ತಿಂಗಳ ತಿರುಳು’.

ಈ ಹೆಸರಿಟ್ಟವನು ಸಮರ್ಥ. ಯಜಮಾನ ಬದರೀನಾರಾಯಣರ ಮಗ. ಪುಣೆಯಲ್ಲಿ ಎರಡು ವರ್ಷ ವ್ಯಾಪಾರದ ಆಡಳಿತ ಓದಿಕೊಂಡು ಬಂದಿದ್ದ. ಚಿಕ್ಕವನಿದ್ದಾಗ ಇದೇ ಕಟ್ಟಡದಲ್ಲಿ ಮೂಗು ಸುರಿಸಿಕೊಂಡು ಓಡಾಡುತ್ತಿದ್ದವನ ಮೂಗನ್ನು ಕಮಲಮ್ಮ ಸೆರಗಿನಲ್ಲಿ ಒರೆಸಿದ್ದುಂಟು. ಈಗ ಅವನಿಗೆ ಸಾರ್ ಅನ್ನುತ್ತಿದ್ದಳು. ಪ್ರತಿ ಟ್ಯಾಗಿಗೂ ಅರ್ಥ ಬರೆದುಕೊಟ್ಟವನು ಅವನೇ. ಪ್ಯಾಕಿಂಗ್ ಅಂದರೆ ಹರಿದದ್ದು, ಸೋರಿದ್ದು; ಬೇರೇನೂ ಅಲ್ಲ. ಇತರೆ ಅನ್ನುವುದು ನೂರಕ್ಕೆ ಐದು ದಾಟಕೂಡದು, ದಾಟಿದರೆ ಟ್ಯಾಗು ಮಾಡುವವರಿಗೆ ಓದಲು ಬರುವುದಿಲ್ಲವೆಂದು ಅರ್ಥ. ಗ್ರಾಹಕರ ಮಾತಿನ ಖಾನೆಯನ್ನು ಮಾತ್ರ ಅವನು ಬೆರಳಗಲಕ್ಕೆ ಕಿರಿದು ಮಾಡಿ ಇಟ್ಟಿದ್ದ. ಸಂಖ್ಯೆ ಕಾಣಬೇಕಾದ ಕಡೆ ಮಾತು ಅಡ್ಡ ಬರುತ್ತದೆಂದು ಅವನ ದೂರು.

ಆಗಸ್ಟಿನಲ್ಲಿ ನೂರ ನಲವತ್ತೆರಡು ಸಾಲಾದವು. ಇತರೆ ಏಳೇ ಏಳು. ಐದನೇ ಒಂದು ಪಾಲಿನಷ್ಟು ದೂರಿಗೆ ತಲೆಬುಡ ಇರಲಿಲ್ಲವಾದರೂ ಏಳೇ. ಮಿಕ್ಕದ್ದನ್ನು ಕಮಲಮ್ಮ ಏನು ಮಾಡಿದಳು? ಕಣದಲ್ಲಿ ಕತ್ತಲಾಗುವ ಹೊತ್ತಿಗೆ ತೂರಲಾಗದೆ ಉಳಿದದ್ದನ್ನು ದೊಡ್ಡ ರಾಶಿಗೇ ಗುಡಿಸಿ ಸೇರಿಸುತ್ತಾರಲ್ಲ, ಹಾಗೆ ರುಚಿಗೆ ಸೇರಿಸಿದಳು. ಪುಡಿಯ ದೂರು ತಾನೇ, ಸುತ್ತಿ ಬಳಸಿ ನಾಲಿಗೆಗೇ ಬರುತ್ತದೆ. ರುಚಿ ಎಪ್ಪತ್ತೆಂಟಾಯಿತು.

ಸೆಪ್ಟೆಂಬರ್ ಮೊದಲ ಸೋಮವಾರ ಸಮರ್ಥ ಆ ಎಪ್ಪತ್ತೆಂಟನ್ನು ಗೋಡೆಯ ಪರದೆಯ ಮೇಲೆ ಕೆಂಪು ಕಂಬವಾಗಿ ನಿಲ್ಲಿಸಿದ.

“ಜೂನ್, ಜುಲೈ, ಆಗಸ್ಟ್. ಮೂರು ತಿಂಗಳೂ ರುಚಿನೇ ಮೊದಲು. ಮೂರು ಸಲ ಬಂದ್ರೆ ಅದು ಥೀಮ್ ಅಪ್ಪ. ಹುರಿಯೋದು ಕೈಯಲ್ಲಿ ಇರೋವರೆಗೂ ಇದು ಇಳಿಯಲ್ಲ. ಮೆಷಿನ್ ತರಿಸೋಣ. ಆಂಜಿನಯ್ಯನ್ನ ಕಾಟನ್‌ಪೇಟೆ ಗೋಡೌನಿಗೆ ಹಾಕೋಣ. ಚೀಲ ನೋಡ್ಕೊಳ್ಲಿ.”

ಬದರೀನಾರಾಯಣರು ಕಂಬವನ್ನೇ ನೋಡುತ್ತ ಕೂತರು. “ಎಪ್ಪತ್ತೆಂಟು ಜನ ಅಂದ್ರೆ ಕಮ್ಮಿ ಅಲ್ವಲ್ಲೋ,” ಎಂದರು. “ಗುರುವಾರ ಫೈನಲ್ ಹಾಳೆ ಕೊಡಿ. ಸೈನ್ ಹಾಕ್ತೀನಿ. ಹಾಗೇ ಮೆಷಿನ್ನಿಂದೂ.”

ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ವರ್ಗೀಕರಣ: ಕಮಲಮ್ಮ’ ಎಂದಿತ್ತು. ಮೂರು ತಿಂಗಳಿಂದಲೂ ಇತ್ತು. ಅವಳಿಗೆ ಅದು ಕಂಡದ್ದು ಅವತ್ತೇ.

ಆಂಜಿನಯ್ಯ ಇಪ್ಪತ್ತೆಂಟು ವರ್ಷದಿಂದ ಅಲ್ಲಿ ಕೊತ್ತಂಬರಿ ಬೀಜ ಹುರಿಯುತ್ತಿದ್ದವನು. ಮಾತು ಕಮ್ಮಿ, ಜಂಬ ಜಾಸ್ತಿ. ಬಾಣಲೆಯಿಂದ ಏಳುವ ಹೊಗೆಯ ಬಣ್ಣ ನೋಡಿಯೇ ಒಲೆ ಆರಿಸುತ್ತಿದ್ದ. ಬೇರೆಯವರು ಮೂಸಿ ಹೇಳಿದರೆ ಅವಮಾನ ಅವನಿಗೆ. ಸುದ್ದಿ ಕಮಲಮ್ಮನಿಗಿಂತ ಮೊದಲೇ ಮೆಟ್ಟಿಲಿಳಿದಿತ್ತು. ಮಧ್ಯಾಹ್ನ ಅವಳು ಊಟದ ಡಬ್ಬಿ ತೊಳೆಯಲು ಕೆಳಗೆ ಬಂದಾಗ ಅವನು ಸೌಟು ಕೆಳಗಿಟ್ಟು ನಿಂತ.

“ಎಪ್ಪತ್ತೆಂಟು ಜನ ನನ್ನ ಕೈ ಕೆಟ್ಟೋಯ್ತು ಅಂದ್ರಾ ಕಮಲಮ್ಮ?”

“ರುಚಿ ಇಲ್ಲ ಅಂದ್ರು ಅಣ್ಣ.”

“ಅದನ್ನೇ ನಾನೂ ಹೇಳಿದ್ದು. ನೀನು ಓದಿದ್ಯಾ ಎಲ್ಲಾನೂ?”

“ಓದ್ದೆ ಬರೀತೀನಾ?”

“ಯಾವತ್ತು ಕೆಡ್ತಂತೆ?”

ಕಮಲಮ್ಮ ಡಬ್ಬಿಯ ನೀರು ಚೆಲ್ಲುವುದನ್ನು ನಿಲ್ಲಿಸಿದಳು. “ಯಾವತ್ತು ಅಂದ್ರೆ?”

“ನಾನು ಸೀಯಿಸಿದ್ರೆ ಪ್ಯಾಕೆಟ್ ಬಿಚ್ಚಿದ ದಿನವೇ ಸೀದಿರತ್ತೆ. ಹದಿನೈದು ದಿನ ಸುಮ್ನಿದ್ದು ಆಮೇಲೆ ಸೀಯಲ್ಲ. ಹಸಿ ಉಳಿಸಿದ್ರೂ ಅಷ್ಟೇ, ಮೊದಲ ದಿನದ ಸಾರಲ್ಲೇ ಗೊತ್ತಾಗತ್ತೆ.” ಅವನು ಸೌಟು ಎತ್ತಿಕೊಂಡ. “ಹೋಗು, ನಿನ್ನ ಕಂಪ್ಯೂಟ್ರನ್ನ ಕೇಳು. ಗುರುವಾರದ ಮೇಲೆ ನಾನು ಚೀಲ ಎಣಿಸ್ತಾ ಇರ್ತೀನಿ, ಕೇಳಕ್ಕೆ ಪುರುಸೊತ್ತು ಇರಲ್ಲ.”

ಮೇಲೆ ಬಂದು ಅವಳು ಮಾಡಿದ ಮೊದಲ ಕೆಲಸ, ಬೆರಳಗಲದ ಖಾನೆಯನ್ನು ಎಳೆದು ಅಗಲ ಮಾಡಿದ್ದು. ಆಗ ತಿಳಿಯಿತು, ತಾನು ಈ ಮೂರು ತಿಂಗಳು ಓದಿದ್ದೆಂಬುದು ಎಷ್ಟು ಓದು ಎಂದು. ಟೈಪು ಮಾಡಿದ್ದೆಲ್ಲ ಮರೆತು ಟ್ಯಾಗು ಹಾಕುವ ಹೊತ್ತಿಗೆ ಪ್ರತಿ ದೂರಿನ ಮೊದಲ ಸಾಲು ಮಾತ್ರ ಕಾಣುತ್ತಿತ್ತು, ಅದು ನಮಸ್ಕಾರ. ಕೊನೆಯ ಸಾಲಿಗೆ ಹಾರಿದರೆ ‘ಕೈ ಬದಲಾಗಿದೆಯಾ’. ಕೈ ಎಂದ ಕೂಡಲೇ ರುಚಿ ಎಂದು ಒತ್ತಿದ್ದಳು. ಈ ಊರಿನವರಿಗೆ ಅಡುಗೆ ಚೆನ್ನಾದರೆ ಕೈಯನ್ನು ಹೊಗಳಬೇಕು, ಕೆಟ್ಟರೆ ಕೈಯನ್ನು ಬಯ್ಯಬೇಕು. ನೀರು, ಪಾತ್ರೆ, ಪ್ಯಾಕೆಟ್ಟು ಇವುಗಳ ಮೇಲೆ ತಪ್ಪು ಹೊರಿಸುವುದು ಅವರಿಗೆ ಮರ್ಯಾದೆಯಲ್ಲ. ಪ್ಯಾಕೆಟ್ಟಿನ ಬಗ್ಗೆ ದೂರುವವನು ಜಿಪುಣ. ಕೈ ಬದಲಾದದ್ದನ್ನು ಗುರುತಿಸುವವನು ರಸಿಕ. ಹಾಗಾಗಿ ಎಲ್ಲರೂ ರಸಿಕರೇ.

ನಡುವಿನ ಸಾಲುಗಳನ್ನು ಓದತೊಡಗಿದಳು.

‘ಮೊದಲ ವಾರ ಘಮ್ ಎಂದಿತು. ಮೂರನೇ ವಾರಕ್ಕೆ ಮಣ್ಣು ತಿಂದ ಹಾಗೆ. ಕೈ ಬದಲಾಯಿತೇ?’

‘ಚಟ್ನಿಪುಡಿ ಗಂಟು ಕಟ್ಟಿ ಕಲ್ಲಾಗಿದೆ. ಜೊತೆಗೊಂದು ಸುತ್ತಿಗೆ ಕಳಿಸುವ ಯೋಚನೆ ಉಂಟೇ?’

‘ನಿಮ್ಮ ಹೊಸ ಪ್ಯಾಕೆಟ್ಟಿನ ಬಾಯಿ ನಮ್ಮ ವಠಾರದವರ ಬಾಯಿಯ ಹಾಗೆ, ಎಷ್ಟು ಒತ್ತಿದರೂ ಮುಚ್ಚುವುದಿಲ್ಲ. ರುಚಿಯೂ ಹೋಯಿತು.’

ಕೊನೆಯದಕ್ಕೂ ಕಮಲಮ್ಮ ರುಚಿ ಎಂದೇ ಹಾಕಿದ್ದಳು. ಹಾಕದೆ ಏನು ಮಾಡುವುದು? ಪ್ಯಾಕೆಟ್ಟು ಹರಿದಿಲ್ಲ, ಸೋರಿಲ್ಲ. ರುಚಿ ಎಂಬ ಮಾತಂತೂ ಇದೆ.

ಹೊಸ ಪ್ಯಾಕೆಟ್ಟು ಬಂದದ್ದು ಜೂನಿನಲ್ಲಿ. ಹಳೆಯದು ಸುಮ್ಮನೆ ಅಂಟಿಸಿದ ದಪ್ಪ ಪ್ಯಾಕೆಟ್ಟು. ಕತ್ತರಿಸಿ ಪುಡಿಯನ್ನು ಡಬ್ಬಕ್ಕೆ ಸುರಿದುಕೊಳ್ಳದೆ ಗತ್ಯಂತರವಿರಲಿಲ್ಲ. ಹೊಸದು ಸಮರ್ಥ ಆರಿಸಿದ್ದು. ಅದು ತಾನಾಗಿ ನಿಲ್ಲುತ್ತದೆ, ಅದರಲ್ಲಿ ಪುಡಿ ಕಾಣುವ ಕಿಟಕಿಯಿದೆ, ಮೇಲೆ ಒತ್ತಿ ಮುಚ್ಚುವ ಜಿಪ್ಪಿದೆ. ಜಿಪ್ಪಿದ್ದ ಮೇಲೆ ಡಬ್ಬ ಯಾಕೆ ಎಂದು ಜನ ಅದರಲ್ಲೇ ಇಟ್ಟರು. ಜಿಪ್ಪಿನ ಸಂದಿಗೆ ಒಂದು ಚೂರು ಪುಡಿ ಕೂತರೆ ಅದು ಹಿಡಿಯುತ್ತಿರಲಿಲ್ಲ. ಹೊರಗೆ ಮಳೆಗಾಲ.

ಮಂಗಳವಾರ ಬುಧವಾರ ಎರಡೂ ದಿನ ಕಮಲಮ್ಮ ಎಪ್ಪತ್ತೆಂಟು ಸಾಲನ್ನೂ ಮತ್ತೆ ಮೊರಕ್ಕೆ ಹಾಕಿಕೊಂಡಳು. ಪಕ್ಕದಲ್ಲಿ ತಾನೇ ಒಂದು ಖಾನೆ ಮಾಡಿ ‘ಯಾವತ್ತು ಕೆಟ್ಟಿತು’ ಎಂದು ತಲೆಬರಹ ಕೊಟ್ಟಳು. ಮೊದಲು ಫೋನ್ ನಂಬರು ನೋಡಿ, ಒಬ್ಬರೇ ಎರಡು ಮೂರು ಕಡೆ ದೂರಿದ್ದನ್ನು ಒಂದು ಮಾಡಿದಳು. ಒಂಬತ್ತು ಸಾಲು ಹಾಗೇ ಉದುರಿ ಅರವತ್ತೊಂಬತ್ತಾಯಿತು. ಅದರಲ್ಲಿ ಬಿಚ್ಚಿದ ದಿನವೇ ಕೆಟ್ಟಿತ್ತೆಂದವರು ಎಂಟು. ವಾರ, ಎರಡು ವಾರ, ತಿಂಗಳಾದ ಮೇಲೆ ಗಂಟು ಕಟ್ಟಿತು, ಘಮ ಹೋಯಿತು ಎಂದವರು ನಲವತ್ತನಾಲ್ಕು. ಮಿಕ್ಕ ಹದಿನೇಳರಲ್ಲಿ ಯಾವತ್ತು ಎಂಬುದೇ ಇರಲಿಲ್ಲ. ಊಹೆಯ ಮೇಲೆ ಹಾಕಲು ಕೈ ಬರಲಿಲ್ಲ. ಊಹೆಯ ಮೇಲೆ ಹಾಕಿದ್ದಕ್ಕೇ ಒಬ್ಬ ಗೋಡೌನಿಗೆ ಹೋಗುತ್ತಿದ್ದ. ಫೋನು ಎತ್ತಿಕೊಂಡಳು.

ಮೊದಲನೆಯವರು ಬಸವನಗುಡಿಯ ಶ್ರೀನಿವಾಸಯ್ಯನವರು, ನಿವೃತ್ತ ಹೆಡ್‌ಮಾಸ್ಟರು. ಒಂದೇ ಸಾರಿನ ಪುಡಿಯ ಬಗ್ಗೆ ವಾಟ್ಸಾಪಿನಲ್ಲಿ, ಫೋನಿನಲ್ಲಿ, ವೆಬ್‌ಸೈಟಿನಲ್ಲಿ, ಮಗಳ ಮನೆಗೆ ಹೋಗುವ ದಾರಿಯಲ್ಲಿ ಸಂಪಿಗೆ ರಸ್ತೆಯ ಪುಸ್ತಕದಲ್ಲಿ, ಒಟ್ಟು ನಾಲ್ಕು ಕಡೆ ದೂರಿದ್ದವರು. ಇಷ್ಟು ದಿನ ಅವರೊಬ್ಬರೇ ನಾಲ್ಕು ಜನ ಗ್ರಾಹಕರಾಗಿದ್ದರು.

“ನಮಸ್ಕಾರ ಸಾರ್, ಶಾಂಭವಿ ಪುಡಿಯಿಂದ. ನೀವು ದೂರು ಕೊಟ್ಟಿದ್ರಲ್ಲ.”

“ಯಾವ ದೂರಮ್ಮ? ನಾಲ್ಕು ಕೊಟ್ಟಿದೀನಿ.”

“ನಾಲ್ಕೂ ಒಂದೇ ಅಲ್ವಾ ಸಾರ್?”

“ಒಂದೇ ಹೆಂಗಾಗತ್ತೆ? ನಾಲ್ಕನೇದ್ರಲ್ಲಿ ‘ಉತ್ತರ ಬಂದಿಲ್ಲ’ ಅಂತ ಸೇರಿಸಿದೀನಿ. ಓದಿಲ್ವಾ ನೀವು?”

“ಓದಿದೀನಿ ಸಾರ್. ಪುಡಿ ಯಾವತ್ತಿಂದ ರುಚಿ ಹೋಯ್ತು? ಬಿಚ್ಚಿದ ದಿನವೇನಾ?”

“ಬಿಚ್ಚಿದ ದಿನ ನನ್ನ ಮೊಮ್ಮಗಳು ಧೃತಿ ಎರಡು ಸಲ ಸಾರು ಹಾಕಿಸ್ಕೊಂಡ್ಳಮ್ಮ. ಗೌರಿಹಬ್ಬಕ್ಕೆ ತೆಗೀತೀನಿ, ಹೆಪ್ಪುಗಟ್ಟಿದೆ. ಹುರಿಯೋನು ಬೇರೆಯವನು ಬಂದಿದಾನೆ ಅಂತ ಆಗ್ಲೇ ಅಂದೆ.”

“ಅದೇ ಪ್ಯಾಕೆಟ್ಟಲ್ವಾ ಸಾರ್? ಅದೇ ಪುಡಿ. ಬೇರೆಯವನು ಬಂದು ನಿಮ್ಮನೆ ಅಲಮಾರಿನಲ್ಲಿ ಹೆಂಗೆ ಹುರೀತಾನೆ?”

“ಈ ಪ್ರಶ್ನೆ ಸರಿಯಾಗಿದೆ,” ಎಂದರು ಹೆಡ್‌ಮಾಸ್ಟರು. “ಬರ್ಕೊಳ್ಳಿ. ಆದ್ರೆ ಉತ್ತರ ಬಂದಿಲ್ಲ ಅನ್ನೋದನ್ನ ತೆಗೀಬೇಡಿ.”

ಹದಿನೇಳರಲ್ಲಿ ಹನ್ನೊಂದು ಜನ ಸಿಕ್ಕರು. ಒಂಬತ್ತು ಜನರದು ಆಮೇಲೆ ಕೆಟ್ಟದ್ದು, ಇಬ್ಬರದು ಅವತ್ತೇ. ಆರು ಜನ ಫೋನೆತ್ತಲಿಲ್ಲ. ಅವರನ್ನು ‘ಗೊತ್ತಾಗಲಿಲ್ಲ’ ಎಂದೇ ಬಿಟ್ಟಳು. ಲೆಕ್ಕ ಕೂಡಿತು: ಆಮೇಲೆ ಕೆಟ್ಟದ್ದು ಐವತ್ತಮೂರು, ಅವತ್ತೇ ಹತ್ತು, ಗೊತ್ತಾಗದ್ದು ಆರು. ಇನ್ನೊಂದನ್ನೂ ನೋಡಿಕೊಂಡಳು. ಸಂಪಿಗೆ ರಸ್ತೆಯ ಅಂಗಡಿಯಲ್ಲಿ ಡಬ್ಬ ತಂದವರಿಗೆ ಅದೇ ಬ್ಯಾಚಿನ ಪುಡಿಯನ್ನು ಬಿಡಿಯಾಗಿ ತೂಗಿ ಕೊಡುತ್ತಿದ್ದರು. ಮೂರರಲ್ಲಿ ಒಂದು ಪಾಲು ಪುಡಿ ಹೋಗುತ್ತಿದ್ದದ್ದೇ ಹಾಗೆ. ಆ ಪುಡಿಯ ಮೇಲೆ ಇಡೀ ತಿಂಗಳಿಗೆ ರುಚಿಯ ದೂರು ಎರಡು. ಎರಡೂ ಅವತ್ತೇ ಕೆಟ್ಟ ಹತ್ತರೊಳಗಿನವು.

ಗುರುವಾರ ಬೆಳಿಗ್ಗೆ ಅವಳು ಹಾಳೆ ಮುಂದಿಟ್ಟಾಗ ಸಮರ್ಥ ಮೊದಲು ನೋಡಿದ್ದು ಕೆಂಪು ಕಂಬ ಎಲ್ಲಿ ಎಂದು.

“ಇದೇನಿದು ಕಮಲಮ್ಮ? ಸೋಮವಾರ ಎಪ್ಪತ್ತೆಂಟು ಅಂದ್ರಿ. ಈಗ ಹತ್ತು ಅಂತೀರಿ. ಡೇಟಾ ಅನ್ನೋದು ತರಕಾರಿ ರೇಟಾ, ದಿನಾ ಬದಲಾಯಿಸಕ್ಕೆ?”

“ಸೋಮವಾರದ್ದು ತಪ್ಪು ಸಾರ್. ನಾನೇ ಹಾಕಿದ್ದು, ನಾನೇ ತಪ್ಪು ಹಾಕಿದ್ದು.”

“ಆಂಜಿನಯ್ಯ ನಿಮಗೆ ಬೇಕಾದವರು ಅಂತ...”

“ಬೇಕಾದವರಾಗಿದ್ರೆ ಆ ಹತ್ತನ್ನೂ ಬಿಡ್ತಿದ್ದೆ.”

ಬದರೀನಾರಾಯಣರಿಗೆ ಹನ್ನೊಂದು ಗಂಟೆಗೆ ಅವಲಕ್ಕಿ ತಿನ್ನುವ ಅಭ್ಯಾಸ. ತಟ್ಟೆ ಮುಂದಿತ್ತು. ಅವರು ಮಾತಿಗೆ ಮಧ್ಯೆ ಬರದೆ ಮೇಜಿನ ಖಾನೆಯಿಂದ ತಮ್ಮದೇ ಕಂಪನಿಯ ಚಟ್ನಿಪುಡಿ ಪ್ಯಾಕೆಟ್ಟು ತೆಗೆದು, ಜಿಪ್ಪು ಬಿಚ್ಚಲು ಹೋದರೆ ಅದು ಬಿಚ್ಚಿಯೇ ಇತ್ತು. ಬಗ್ಗಿಸಿದರು, ಏನೂ ಬೀಳಲಿಲ್ಲ. ತಳವನ್ನು ತಟ್ಟಿದರು. ನಿಂಬೆಹಣ್ಣಿನ ಗಾತ್ರದ ಗಂಟೊಂದು ತಟ್ಟೆಗೆ ಟಕ್ಕೆಂದು ಬಿದ್ದು, ಅವಲಕ್ಕಿ ಚೆಲ್ಲಿ, ಉರುಳಿಕೊಂಡು ಹೋಗಿ ಸಮರ್ಥನ ಲ್ಯಾಪ್‌ಟಾಪಿಗೆ ಒರಗಿ ನಿಂತಿತು.

ಮೂವರೂ ಅದನ್ನು ನೋಡಿದರು.

“ನಾನು ಮುಚ್ಚಿದ್ನಲ್ಲ,” ಎಂದರು ಬದರೀನಾರಾಯಣರು. “ಚೆನ್ನಾಗಿ ಒತ್ತಿ ಮುಚ್ಚಿದ್ದೆ.”

“ಎಲ್ರೂ ಹಂಗೇ ಬರ್ದಿದಾರೆ ಸಾರ್,” ಎಂದಳು ಕಮಲಮ್ಮ.

ಯಜಮಾನರು ಗಂಟನ್ನು ಕೈಗೆತ್ತಿಕೊಂಡು ಮೂಸಿದರು. “ಈ ಪೌಚು ಎಷ್ಟಿದೆಯೋ ಇನ್ನೂ?”

“ಮುಂದಿನ ಮಾರ್ಚ್ ತನಕ ಆಗತ್ತೆ,” ಎಂದ ಸಮರ್ಥ. ದನಿ ಚಿಕ್ಕದಾಗಿತ್ತು.

ಅಲ್ಲಿಗೆ ನಿಜ ಗೆದ್ದಿತೆಂದು ಕಮಲಮ್ಮ ಎಣಿಸಿದ್ದರೆ ಅದು ಅವಳ ಹಳ್ಳಿಬುದ್ಧಿ. ಪ್ಯಾಕಿಂಗ್ ಎಂದು ಬರೆದರೆ ಅದು ಹಾಳೆಯ ಜೊತೆ ಪುಡಿ ಮಾರುವ ನಲವತ್ತು ಅಂಗಡಿಗೂ ಹೋಗುತ್ತದೆ. ಮಾರ್ಚಿನ ತನಕ ಅದೇ ಪ್ಯಾಕೆಟ್ಟು ಅಂಗಡಿಗಳಲ್ಲಿ ನಿಲ್ಲಬೇಕು. ನಿಲ್ಲುವುದೊಂದನ್ನು ಅದು ಚೆನ್ನಾಗಿ ಮಾಡುತ್ತಿತ್ತು. ತಂದೆ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಐದು ನಿಮಿಷ ಯೋಚಿಸಿ ಸಮರ್ಥ ಪಟ್ಟಿಗೆ ಹತ್ತನೆಯ ಟ್ಯಾಗು ಸೇರಿಸಿದ: ‘ಗ್ರಾಹಕರ ಶೇಖರಣಾ ಅಭ್ಯಾಸ’. ಐವತ್ತಮೂರೂ ಅದಕ್ಕೆ. ಪರಿಹಾರವೂ ಸಿದ್ಧವಾಯಿತು. ಪ್ಯಾಕೆಟ್ಟಿನ ಮೇಲೆ ಒಂದು ಚೀಟಿ: ‘ಬಿಚ್ಚಿದ ಕೂಡಲೇ ಡಬ್ಬಕ್ಕೆ ತುಂಬಿಕೊಳ್ಳಿ’.

“ಅಂದ್ರೆ ತಪ್ಪು ತಿನ್ನೋರದ್ದು ಅಂತಾಯ್ತು,” ಎಂದಳು ಕಮಲಮ್ಮ. “ಅದು ಪ್ಯಾಕಿಂಗ್ ಸಾರ್.”

“ಪ್ಯಾಕಿಂಗ್ ಅಂದ್ರೆ ಹರಿದಿರಬೇಕು, ಸೋರಿರಬೇಕು. ಡೆಫಿನಿಷನ್ ನೋಡಿ.”

“ನೋಡಮ್ಮ,” ಎಂದರು ಬದರೀನಾರಾಯಣರು, “ಲೆಕ್ಕ ನಿನ್ನದು, ಒಂದೂ ಮುಟ್ಟಲ್ಲ. ಹೆಸರು ನಮ್ಮದು. ಆಂಜಿನಯ್ಯ ಇರ್ಲಿ, ಮೆಷಿನ್ ಬೇಡ. ಸರಿ ತಾನೆ?”

ಕೆಳಗಿನಿಂದ ಬಾಣಲೆಗೆ ಸೌಟು ತಾಗುವ ಸದ್ದು ಬರುತ್ತಿತ್ತು. “ಸರಿ ಸಾರ್,” ಎಂದಳು ಕಮಲಮ್ಮ. “ನಮೂನೆಗೆ ಒಬ್ಬರ ಮಾತು ಹಾಕಬೇಕಲ್ಲ ಹಾಳೆಗೆ. ಅದನ್ನ ನಾನೇ ಆರಿಸ್ಲಾ, ಯಾವಾಗಿನ ಹಂಗೆ?”

“ಹಾಕಿ ಹಾಕಿ,” ಎಂದ ಸಮರ್ಥ. ಅವನು ಆಗಲೇ ಕಂಬಕ್ಕೆ ಹಸಿರು ಬಣ್ಣ ಹಚ್ಚುತ್ತಿದ್ದ. ಮಾತಿನ ಖಾನೆ ಓದುವ ರೂಢಿ ಅವನಿಗೆ ಮೊದಲಿಂದಲೂ ಇಲ್ಲ.

ಶುಕ್ರವಾರ ‘ತಿಂಗಳ ತಿರುಳು’ ನಲವತ್ತು ಅಂಗಡಿಗೂ ಹೋಯಿತು. ತಿಂಗಳ ಮುಖ್ಯ ವಿಷಯ, ಗ್ರಾಹಕರ ಶೇಖರಣಾ ಅಭ್ಯಾಸ, ಐವತ್ತಮೂರು. ಕೆಳಗೆ ಒಂದು ಚೌಕದೊಳಗೆ ಗ್ರಾಹಕರ ಮಾತು: ‘ನಿಮ್ಮ ಹೊಸ ಪ್ಯಾಕೆಟ್ಟಿನ ಬಾಯಿ ನಮ್ಮ ವಠಾರದವರ ಬಾಯಿಯ ಹಾಗೆ, ಎಷ್ಟು ಒತ್ತಿದರೂ ಮುಚ್ಚುವುದಿಲ್ಲ.’ ಸಂಜೆಯೊಳಗೆ ಹನ್ನೆರಡು ಅಂಗಡಿಯವರು ಫೋನು ಮಾಡಿ, ಆ ಗ್ರಾಹಕರ ಅಭ್ಯಾಸವನ್ನು ತಿದ್ದುವುದು ಹೇಗೆಂದು ಸಮರ್ಥನನ್ನು ಬಹಳ ವಿನಯದಿಂದ ಕೇಳಿದರು. ಅವನು ಹಾಳೆಯನ್ನು ಮೊದಲ ಸಲ ಕೊನೆಯ ತನಕ ಓದಿದ. ಓದಿ ಕಮಲಮ್ಮನ ಕಡೆ ನೋಡಿದ. ಅವಳು ಟೈಪು ಮಾಡುತ್ತಿದ್ದಳು.

ಸೋಮವಾರ ಆಂಜಿನಯ್ಯ ಮೆಟ್ಟಿಲು ಹತ್ತಿ ಮೇಲೆ ಬಂದ. ಇಪ್ಪತ್ತೆಂಟು ವರ್ಷದಲ್ಲಿ ಅವನು ಆಫೀಸಿಗೆ ಕಾಲಿಟ್ಟದ್ದು ಬೆರಳೆಣಿಕೆಯಷ್ಟು ಸಲ. ಕೈಯಲ್ಲಿ ಹಾಳೆ ಇತ್ತು, ಒಲೆಯ ಮಸಿ ಅಂಟಿತ್ತು. ಧನ್ಯವಾದ ಹೇಳಲು ಬಂದಿದ್ದಾನೆಂದು ಕಮಲಮ್ಮ ಸೆರಗು ಸರಿಮಾಡಿಕೊಂಡಳು.

“ಇದೇನಿದು ರುಚಿ, ಹತ್ತು?” ಎಂದ.

“ಹತ್ತು ಜನ ಬಿಚ್ಚಿದ ದಿನವೇ ಸೀದಿತ್ತು ಅಂದ್ರು ಅಣ್ಣ. ಖಾರದ ಪುಡಿ. ಆಗಸ್ಟ್ ಎರಡನೇ ವಾರದ ಬ್ಯಾಚು.”

ಅವನು ಮುಖ ತಿರುಗಿಸಿ ಕಿಟಕಿ ನೋಡಿದ. ಆ ವಾರ ಅವನಿಗೆ ನೆಗಡಿಯಾಗಿತ್ತು, ಕಣ್ಣಲ್ಲಿ ನೀರು ಸುರಿದು ಹೊಗೆ ಕಾಣುತ್ತಿರಲಿಲ್ಲ. ಅದು ಅವನಿಗೆ ಗೊತ್ತು, ಅವಳಿಗೂ ಗೊತ್ತು.

“ಎಪ್ಪತ್ತೆಂಟಿದ್ದಾಗ ಯಾರೂ ನಂಬ್ತಿರ್ಲಿಲ್ಲ,” ಎಂದ. “ಈಗ ಹತ್ತು ಅಂದ್ರೆ ಎಲ್ರೂ ನಂಬ್ತಾರೆ. ಅಳಿಸು.”

“ಅಳಿಸಲ್ಲ.”

“ನಂದೂ ಒಂದು ದೂರಿದೆ. ಬರ್ಕೋ.”

“ಯಾರ ಮೇಲೆ?”

“ನಿನ್ನ ಮೇಲೆ. ದಾಕ್ಷಿಣ್ಯ ಅನ್ನೋದು ಇಲ್ಲ ಅಂತ ಬರಿ.”

ಕಮಲಮ್ಮ ನಗಲಿಲ್ಲ. ಸೆಪ್ಟೆಂಬರಿನ ಹೊಸ ಹಾಳೆ ತೆರೆದು ಒಂದು ಸಾಲು ಸೇರಿಸಿದಳು. ತಾರೀಖು ಹಾಕಿದಳು. ಎಲ್ಲಿಂದ ಬಂತು ಎಂಬಲ್ಲಿ ‘ನೇರವಾಗಿ’ ಎಂದಳು. ಅವನ ಮಾತನ್ನು ಇದ್ದದ್ದು ಇದ್ದ ಹಾಗೆ ಟೈಪು ಮಾಡಿ ಓದಿ ಹೇಳಿದಳು. ಅವನು ತಲೆಯಾಡಿಸಿದ. ಆಮೇಲೆ ಬಾಣದ ಗುರುತು ಒತ್ತಿ, ಇಳಿದ ಪಟ್ಟಿಯಲ್ಲಿ ನಿಧಾನವಾಗಿ ಹುಡುಕಿ, ‘ಸಿಬ್ಬಂದಿಯ ನಡವಳಿಕೆ’ ಎಂಬುದನ್ನು ಆರಿಸಿದಳು.